ಡೆಪಾಸಿಟ್ಟು, ಅಡ್ವಾನ್ಸ್ ಬಾಡಿಗೆ ಲೆಕ್ಕದ ಬಗ್ಗೆ

ವಿಜಯನಗರ, ಬೆಂಗಳೂರು
4 ಅಕ್ಟೋಬರ್ 2025

ಕಿರಣ್ ಅವರೇ,

ನವೆಂಬರ್ ಕೊನೆಗೆ ಮನೆ ಖಾಲಿ ಮಾಡ್ತೀವಿ, ಅಕ್ಟೋಬರ್ ನವೆಂಬರ್ ಬಾಡಿಗೆ ಅಡ್ವಾನ್ಸಲ್ಲೇ ಹಿಡ್ಕೊಳ್ಳಿ, ಕೊಟ್ಟಿರೋ 1,68,000ದಲ್ಲಿ ಮಿಕ್ಕಿದ್ದು ವಾಪಸ್ ಕೊಡಿ ಅಂದ್ರಲ್ಲ, ಮೆಟ್ಟಿಲ ಹತ್ರ ನಿಂತ್ಕೊಂಡು ಮಾತಾಡೋ ವಿಷ್ಯ ಅಲ್ಲ ಅಂತ ಬರೆದು ಕೊಡ್ತಿದೀನಿ, ಮನೆಯವ್ರಿಗೂ ತೋರ್ಸಿ.

2024 ಜೂನಲ್ಲಿ ನೀವು ಕೊಟ್ಟಿದ್ದು ಒಟ್ಟಿಗೆ 1,68,000 ನಿಜ, ಆದ್ರೆ ಅದ್ರಲ್ಲಿ 18,000 ಜೂನ್ ತಿಂಗಳ ಬಾಡಿಗೆ, ತಿಂಗಳು ಮುಗಿಯೋಕೆ ಮುಂಚೆನೇ ಕೊಟ್ರಿ ಅಷ್ಟೇ. ಆ ತಿಂಗಳು ನೀವು ಮನೇಲಿದ್ರಿ, ಅದು ಅಲ್ಲಿಗೇ ಮುಗೀತು. ಅದಕ್ಕೆ ರಸೀದಿನೂ ಕೊಟ್ಟಿದೀನಿ, ಆಫೀಸಲ್ಲಿ ಎಚ್‌ಆರ್‌ಎಗೆ ತೋರ್ಸಿದ್ದು ಅದನ್ನೇ. ಉಳಿದ 1,50,000 ಡೆಪಾಸಿಟ್. ಬೆಂಗಳೂರಲ್ಲಿ ಎಲ್ರೂ ಅದನ್ನೂ ಅಡ್ವಾನ್ಸ್ ಅಂತಾನೇ ಕರೀತಾರೆ, ಗೊಂದಲ ಆಗೋದೇ ಅಲ್ಲಿ. ಅದು ನಿಮ್ಮ ದುಡ್ಡು, ನನ್ನ ಹತ್ರ ಇರತ್ತೆ, ಬಡ್ಡಿ ಇಲ್ಲ, ಬೀಗದ ಕೈ ಕೊಟ್ಟಾಗ ವಾಪಸ್ ಕೊಡಲೇಬೇಕು. ಬಾಡಿಗೆ ಜಾಸ್ತಿ ಮಾಡಿ 11 ತಿಂಗಳ ಅಗ್ರಿಮೆಂಟ್ ರಿನ್ಯೂ ಮಾಡಿದಾಗ್ಲೂ ಡೆಪಾಸಿಟ್ ಅಷ್ಟೇ ಇತ್ತು, ಅದನ್ನ ಮುಟ್ಟಿಲ್ಲ.

ಬಾಡಿಗೆಗೆ ಹಿಡ್ಕೊಳ್ಳಕ್ಕೆ ಯಾಕೆ ಒಪ್ಪಲ್ಲ ಅಂದ್ರೆ, ಮನೆ ಬಿಡೋವಾಗ ಏನಾದ್ರೂ ಬಾಕಿ, ರಿಪೇರಿ ಇದ್ರೆ ಆಸರೆ ಇರೋದು ಅದೊಂದೇ. ಆಮೇಲೆ ಬೆಸ್ಕಾಂ ಬಿಲ್ ಬಂದಾಗ ನಿಮ್ಮನ್ನ ಹುಡುಕ್ಕೊಂಡು ಬರೋಕಾಗಲ್ಲ. ಅಗ್ರಿಮೆಂಟಲ್ಲೂ ಡೆಪಾಸಿಟನ್ನ ಬಾಡಿಗೆಗೆ ವಜಾ ಮಾಡೋಹಾಗಿಲ್ಲ ಅಂತ ಇಬ್ರೂ ಸೈನ್ ಹಾಕಿದೀವಿ.

ಹಾಗಂತ ನಿಮ್ಮ ದುಡ್ಡಲ್ಲಿ ಸುಮ್‌ಸುಮ್ನೆ ಮುರ್ಕೊಳ್ಳೋದೂ ಇಲ್ಲ. ಬಾತ್‌ರೂಮ್ ಸಿಂಕಲ್ಲಿರೋ ಬಿರುಕು ನೀವು ಬರೋಕೆ ಮುಂಚೆನೇ ಇತ್ತು, ಮೊದಲ ದಿನ ನೀವು ಕಳ್ಸಿದ ಫೋಟೋ ನನ್ನ ಮೊಬೈಲಲ್ಲೇ ಇದೆ, ಅದಕ್ಕೆ ಒಂದ್ ರೂಪಾಯಿನೂ ಹಿಡಿಯಲ್ಲ. ಹಾಲಲ್ಲಿ ಟಿವಿಗೆ ಕೊರೆದ ತೂತು ಪೇಂಟಿಂಗಲ್ಲೇ ಹೋಗತ್ತೆ. ಪೇಂಟಿಂಗಿಗೆ ಅಗ್ರಿಮೆಂಟ್ ಪ್ರಕಾರ ಒಂದು ತಿಂಗಳ ಬಾಡಿಗೆ 19,000, ಅದು ಕಳೆದು 1,31,000. ಅದ್ರಲ್ಲಿ ಕೊನೇ ಕರೆಂಟ್ ಬಿಲ್ ಮಾತ್ರ ಹೋಗತ್ತೆ.

ಹೊಸ ಮನೆಗೆ ಡೆಪಾಸಿಟ್ ಹೊಂದಿಸೋಕೆ ಕಷ್ಟ ಆಗ್ತಿದೆ ಅಂತ ನಿಮ್ಮ ಮನೆಯವ್ರು ಹೇಳಿದ್ರು. ಇಲ್ಲಿನ ದುಡ್ಡು ಕೈಗೆ ಬರೋದ್ರೊಳಗೆ ಅಲ್ಲಿ ಕೊಡ್ಬೇಕು, ಎಲ್ರಿಗೂ ಇದೇ ತಾಪತ್ರಯ. ಅದಕ್ಕೇ 50,000 ನವೆಂಬರ್ ಮೊದಲ ವಾರದಲ್ಲೇ ನಿಮ್ಮ ಅಕೌಂಟಿಗೆ ಹಾಕ್ತೀನಿ, ಡೆಪಾಸಿಟಲ್ಲಿ ಇಷ್ಟು ಬಂತು ಅಂತ ಒಂದು ಚೀಟಿ ಬರೆದು ಕೊಡಿ. ಅಕ್ಟೋಬರ್, ನವೆಂಬರ್ ಬಾಡಿಗೆ ಮಾತ್ರ ಯಾವತ್ತಿನ ಹಾಗೆ ಕಳ್ಸಿ, ರಸೀದಿ ಕೊಡ್ತೀನಿ. ನವೆಂಬರ್ 30ಕ್ಕೆ ಇಬ್ರೂ ಸೇರಿ ಮನೆ ನೋಡಿ ಮೀಟರ್ ರೀಡಿಂಗ್ ಬರ್ಕೊಳ್ಳೋಣ, ಕೈಗೆ ಬೀಗ ಬಂದ ಸಂಜೆನೇ ಮಿಕ್ಕಿದ 81,000ದಲ್ಲಿ ಬಿಲ್ಲಿಗೆ ಅಂತ 2,000 ಇಟ್ಕೊಂಡು ಉಳಿದಿದ್ದು ಹಾಕ್ತೀನಿ, ಬಿಲ್ ಬಂದ ಮೇಲೆ ಅದ್ರ ಲೆಕ್ಕನೂ ಕಳಿಸ್ತೀನಿ.

ಏನಾದ್ರೂ ಅರ್ಥ ಆಗ್ಲಿಲ್ಲ ಅಂದ್ರೆ ಭಾನುವಾರ ಅಗ್ರಿಮೆಂಟ್ ತಗೊಂಡು ಕೆಳಗಡೆ ಬನ್ನಿ, ಕೂತ್ಕೊಂಡು ನೋಡೋಣ.

ಇಂತಿ,
ಸಾವಿತ್ರಮ್ಮ
(ಕೆಳಗಡೆ ಮನೆ)