ಸಾಗರದಲ್ಲಿ ಮದುವೆ ಅಡುಗೆ: ಮಲೆನಾಡಿನ ಸಸ್ಯಾಹಾರಿ ಊಟ, 100ರಿಂದ 900 ಎಲೆ, ಸಾಗರದ ಸುತ್ತ 75 ಕಿ.ಮೀ.

ಹವ್ಯಕ ಮತ್ತು ಮಲೆನಾಡು ಶೈಲಿಯ ಶುದ್ಧ ಸಸ್ಯಾಹಾರ. ಬಾಳೆಎಲೆಯಲ್ಲಿ ಪಂಕ್ತಿ ಊಟ 100ರಿಂದ 900 ಜನಕ್ಕೆ, ಸಂಜೆಯ ಬಫೆ 500ರ ತನಕ. ಸಾಗರ, ಹೊಸನಗರ, ಸೊರಬ, ಶಿಕಾರಿಪುರ, ಸಿದ್ದಾಪುರ, ಶಿರಸಿ, ಶಿವಮೊಗ್ಗ. ದಿನಕ್ಕೆ ಒಂದೇ ಮದುವೆ.

ಮದುವೆ ಗೊತ್ತಾದ ಮನೆಯವರು ನಮ್ಮ ಹತ್ತಿರ ಬಂದಾಗ ಮೊದಲು ಕೇಳುವುದು ಮೂರೇ ಮಾತು. ಏನು ಅಡುಗೆ ಮಾಡ್ತೀರಿ, ಎಷ್ಟು ಜನಕ್ಕೆ ಆಗುತ್ತದೆ, ನಮ್ಮ ಊರಿಗೆ ಬರ್ತೀರಾ. ರುಚಿ ಹೇಗೆ ಅಂತ ನಾವೇ ಹೇಳಿಕೊಂಡರೆ ಪ್ರಯೋಜನವಿಲ್ಲ. ಅದನ್ನು ಊಟ ಮಾಡಿದವರು ಹೇಳಬೇಕು. ಹಾಗಾಗಿ ಈ ಮೂರು ಮಾತಿಗೆ ಮಾತ್ರ ಇಲ್ಲಿ ಬಿಡಿಸಿ ಉತ್ತರ ಕೊಟ್ಟಿದ್ದೇವೆ.

ಅಡುಗೆ

ನಮ್ಮದು ಸಾಗರ ಕಡೆಯ ಅಡುಗೆ. ಎಲೆ ಹಾಕಿ ನೀರು ಚಿಮುಕಿಸಿದ ಮೇಲೆ ಉಪ್ಪು, ಅಪ್ಪೆಮಿಡಿ ಉಪ್ಪಿನಕಾಯಿ, ಹೆಸರುಬೇಳೆ ಕೋಸಂಬರಿ, ಎರಡು ಪಲ್ಯ, ಒಂದು ಗೊಜ್ಜು, ಚಿತ್ರಾನ್ನ ಬೀಳುತ್ತವೆ. ಅನ್ನ ಬಂದ ಕೂಡಲೇ ತಂಬುಳಿ. ಆಮೇಲೆ ತೊವ್ವೆ, ತುಪ್ಪ, ಸಾರು, ಹುಳಿ. ನಡುವೆ ಹೋಳಿಗೆ ಮತ್ತು ಇನ್ನೊಂದು ಸಿಹಿ. ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು. ಅಪ್ಪೆಹುಳಿಯನ್ನು ಅನ್ನಕ್ಕೂ ಹಾಕುತ್ತೇವೆ, ಕುಡಿಯುವವರಿಗೆ ಲೋಟದಲ್ಲೂ ಕೊಡುತ್ತೇವೆ. ಲೋಟ ಕೇಳುವವರೇ ಜಾಸ್ತಿ. ಕೊನೆಗೆ ಪಾಯಸ, ಮಜ್ಜಿಗೆ.

ತಂಬುಳಿ ಸಾಮಾನ್ಯವಾಗಿ ಒಂದೆಲಗದ್ದು. ಸೊಪ್ಪು ಸಿಗದ ದಿನ ಶುಂಠಿ ಅಥವಾ ಮೆಂತೆಯದ್ದು ಮಾಡುತ್ತೇವೆ, ಮನೆಯವರಿಗೆ ಮೊದಲೇ ತಿಳಿಸಿ. ಹಲಸಿನಕಾಯಿ ಪಲ್ಯ, ಹಲಸಿನಕಾಯಿ ಹುಳಿ ಬೇಸಿಗೆಯ ಮದುವೆಗಳಿಗೆ ಮಾತ್ರ. ನವೆಂಬರ್ ಮದುವೆಗೆ ಹಲಸಿನಕಾಯಿ ಬೇಕು ಅಂದರೆ ಡಬ್ಬಿಯದ್ದು ತರಬೇಕಾಗುತ್ತದೆ. ನಾವು ತರುವುದಿಲ್ಲ.

ಹೋಳಿಗೆ ಕಡಲೆಬೇಳೆಯದ್ದು ಅಥವಾ ಕಾಯಿಯದ್ದು. ಒಂದು ಕೆಜಿ ಕಡಲೆಬೇಳೆಗೆ ನಮ್ಮ ಅಳತೆಯಲ್ಲಿ 40 ಹೋಳಿಗೆ ಆಗುತ್ತದೆ. ಎಲೆಗೆ ಎರಡೂವರೆ ಲೆಕ್ಕ ಹಿಡಿಯುತ್ತೇವೆ. ಯಾರೂ ಅರ್ಧ ತಿನ್ನುವುದಿಲ್ಲ, ಒಬ್ಬರು ಎರಡು, ಪಕ್ಕದವರು ಮೂರು. ಅಂದರೆ 500 ಎಲೆಗೆ 1250 ಹೋಳಿಗೆ, 31 ಕೆಜಿ ಬೇಳೆಯ ಮೇಲೆ ಇನ್ನೊಂದಿಷ್ಟು. ಹೂರಣ ಹಿಂದಿನ ರಾತ್ರಿ ರುಬ್ಬುತ್ತೇವೆ, ಬೇಯಿಸುವುದು ಮದುವೆ ದಿನ ಬೆಳಗಿನ ಜಾವ. ಹಿಂದಿನ ದಿನವೇ ಬೇಯಿಸಿಟ್ಟ ಹೋಳಿಗೆಗೆ ಎಷ್ಟು ತುಪ್ಪ ಸುರಿದರೂ ಗೊತ್ತಾಗಿಬಿಡುತ್ತದೆ ಅಲ್ವಾ?

ತೊಡೆದೇವು ಬೇಕಾದರೆ 20 ದಿನ ಮೊದಲು ಹೇಳಬೇಕು. ಗಡಿಗೆ ಬೆನ್ನಿನ ಮೇಲೆ ಹಿಟ್ಟು ತೊಡೆದು ತೆಗೆಯುವ ಕೈಗಳು ಈಗ ಕಡಿಮೆ. ನಮಗೆ ಮಾಡಿಕೊಡುವವರು ಇಬ್ಬರು ಅಮ್ಮಂದಿರು. ಅವರು ಆಗುವುದಿಲ್ಲ ಅಂದರೆ ನಮ್ಮ ಉತ್ತರವೂ ಅದೇ. ಬೆಳಗಿನ ತಿಂಡಿಗೆ ತೆಳ್ಳೇವು ಕೇಳುವವರಿಗೂ ಒಂದು ಮಿತಿ ಇದೆ. ಅದು ಕಾವಲಿಯಿಂದ ನೇರ ತಟ್ಟೆಗೆ ಬರಬೇಕು. 150 ಜನ ದಾಟಿದರೆ ಒಪ್ಪಿಕೊಳ್ಳುವುದಿಲ್ಲ. ಆಗ ಇಡ್ಲಿ, ಉಪ್ಪಿಟ್ಟು, ಅವಲಕ್ಕಿ, ಕೇಸರಿಬಾತು ಇವೆ. ತಿಂಡಿಗೆ ಅಡಿಕೆ ಹಾಳೆ ತಟ್ಟೆ, ಊಟಕ್ಕೆ ಬಾಳೆಎಲೆ.

ಹುಡುಗನ ಕಡೆಯವರು ಮೈಸೂರು, ಬೆಂಗಳೂರು ಕಡೆಯವರಾಗಿದ್ದರೆ ಬಿಸಿಬೇಳೆಬಾತು, ಪುಳಿಯೋಗರೆ, ಒಬ್ಬಟ್ಟಿನ ಸಾರು ಸೇರಿಸಬಹುದು. ಈರುಳ್ಳಿ, ಬೆಳ್ಳುಳ್ಳಿ ಮಧ್ಯಾಹ್ನದ ಮದುವೆ ಊಟಕ್ಕೆ ಹಾಕುವುದಿಲ್ಲ. ಸಂಜೆಯ ಬಫೆಗೆ ಬೇಕಾದರೆ ಹಾಕುತ್ತೇವೆ, ಪಾತ್ರೆ ಬೇರೆ. ಮಾಂಸದಡುಗೆ ಇಲ್ಲ, ಮೊಟ್ಟೆಯೂ ಇಲ್ಲ. ತಂದೂರಿ ರೋಟಿ, ಪನೀರ್, ಗೋಬಿ ಮಂಚೂರಿಯ ಕೌಂಟರ್ ನಮ್ಮಲ್ಲಿಲ್ಲ. ಬೇರೆಯವರಿಂದ ತರಿಸಿ ನಮ್ಮದೆಂದು ಬಡಿಸುವ ಅಭ್ಯಾಸವೂ ಇಲ್ಲ. ನೀವೇ ಕೌಂಟರ್ ಗೊತ್ತು ಮಾಡಿದರೆ ನಮ್ಮ ತಕರಾರಿಲ್ಲ, ಜಾಗ ಬಿಟ್ಟುಕೊಡುತ್ತೇವೆ.

ಎಷ್ಟು ಜನಕ್ಕೆ

ಕಡಿಮೆ ಅಂದರೆ 100 ಎಲೆ. ಜಾಸ್ತಿ ಅಂದರೆ 900. ಎರಡು ಸಾವಿರ ಎಲೆಗೂ ಅಡುಗೆ ಬೇಯಿಸುವುದು ಸಾಧ್ಯ, ಪಾತ್ರೆ ಬಾಡಿಗೆಗೆ ಸಿಗುತ್ತದೆ. ಕಷ್ಟ ಇರುವುದು ಬಡಿಸುವುದರಲ್ಲಿ. ನಮ್ಮಲ್ಲಿ ಅಡುಗೆಯವರು 14 ಜನ, ಬಡಿಸುವವರು 36 ಜನ. ಇದರ ಮೇಲೆ ದಿನಗೂಲಿಗೆ ಹುಡುಗರನ್ನು ಕರೆತಂದರೆ ಸಾರು ಬರುವ ಮೊದಲು ಮಜ್ಜಿಗೆ ಬರುತ್ತದೆ.

ಇನ್ನೊಂದು ಲೆಕ್ಕ ನಿಮ್ಮ ಛತ್ರದ್ದು. ಒಂದು ಪಂಕ್ತಿ ಕೂತು ಉಂಡು ಎದ್ದು, ಎಲೆ ತೆಗೆದು, ಟೇಬಲ್ ಒರೆಸಿ, ಮುಂದಿನವರು ಕೂರುವುದಕ್ಕೆ 40 ನಿಮಿಷ ಬೇಕು. ಹನ್ನೆರಡೂವರೆಗೆ ಶುರು ಮಾಡಿದರೆ ಮೂರು ಗಂಟೆ ಸುಮಾರಿಗೆ ನಾಲ್ಕು ಪಂಕ್ತಿ ಮುಗಿಯುತ್ತದೆ. ಐದನೆಯದು ಮನೆಯವರು, ವಾಲಗದವರು, ಫೋಟೋದವರು. ಫೋಟೋದ ಹುಡುಗರು ಯಾವಾಗಲೂ ಕೊನೆ ಪಂಕ್ತಿಯೇ, ಪಾಪ. ಅವರ ಪಾಲಿನ ಹೋಳಿಗೆ ತೆಗೆದಿಟ್ಟಿರುತ್ತೇವೆ. ಹಾಗಾಗಿ ಊಟದ ಹಾಲ್‌ನಲ್ಲಿ 100 ಜನ ಕೂರುವಂತಿದ್ದರೆ ನಾವು ಒಪ್ಪುವುದು 500 ಎಲೆಗೆ. ನೀವು 800 ಅಂದರೆ ಛತ್ರ ಬದಲಿಸಿ ಅಂತಲೋ ಎರಡು ಕಡೆ ಚಪ್ಪರ ಹಾಕಿ ಅಂತಲೋ ಹೇಳುತ್ತೇವೆ. ಮನೆ ಅಂಗಳದ ಮದುವೆಗೂ ಇದೇ ಲೆಕ್ಕ. ಅಲ್ಲಿ ನೆಲದ ಮೇಲೆ ಕೂರಿಸಿ ಬಡಿಸುವುದಾದರೆ ಪ್ರತಿ ಪಂಕ್ತಿಗೆ ಐದು ನಿಮಿಷ ಜಾಸ್ತಿ ಹಿಡಿಯಿರಿ.

ಸಂಜೆಯ ಬಫೆ 500 ಜನಕ್ಕೆ. ಮಧ್ಯಾಹ್ನ 700 ಎಲೆ ದಾಟಿದ್ದರೆ ಅದೇ ದಿನ ಸಂಜೆಯ ಬಫೆ ಒಪ್ಪುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದವರು ರಾತ್ರಿ ಹತ್ತಕ್ಕೆ ಬಡಿಸುತ್ತಾ ನಿಂತರೆ ಮುಖದಲ್ಲಿ ನಗು ಇರುವುದಿಲ್ಲ.

ಎಲೆಯ ಸಂಖ್ಯೆ ಮದುವೆಗೆ ನಾಲ್ಕು ದಿನ ಮೊದಲು ಗಟ್ಟಿಯಾಗಿ ಹೇಳಬೇಕು. ನೀವು ಹೇಳಿದ್ದರ ಮೇಲೆ ನೂರಕ್ಕೆ ಎಂಟು ಎಲೆಯಷ್ಟು ಸಾಮಾನು ಹೆಚ್ಚು ತರುತ್ತೇವೆ, ಬಳಸಿದರೆ ಮಾತ್ರ ಬಿಲ್ಲು. ಈ ಪದ್ಧತಿ ಬರಲು ಒಂದು ಮದುವೆ ಕಾರಣ. 400 ಎಲೆ ಅಂದಿದ್ದರು, ಬಂದವರು 610. ಎರಡನೇ ಪಂಕ್ತಿ ಕೂತಾಗಲೇ ನಮಗೆ ಗೊತ್ತಾಯಿತು. ಹೋಳಿಗೆಯನ್ನು ಅರ್ಧ ಮಾಡಿ ಬಡಿಸಿದೆವು, ಪೇಟೆಗೆ ಓಡಿ ಅಕ್ಕಿ, ಬೇಳೆ ತಂದು ಮತ್ತೆ ಒಲೆ ಹೊತ್ತಿಸಿದೆವು. ಕೊನೆಯ ಪಂಕ್ತಿಗೆ ಅನ್ನ, ಸಾರು, ಉಪ್ಪಿನಕಾಯಿ, ಮಜ್ಜಿಗೆ ಇಷ್ಟೇ. ಹುಡುಗಿಯ ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ಏನೂ ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅದಾದ ಮೇಲೆ ನಾವು ಎಷ್ಟು ಕರೆಯೋಲೆ ಹಂಚಿದಿರಿ, ಊರಲ್ಲಿ ಮನೆಮನೆಗೆ ಹೋಗಿ ಕರೆದಿದ್ದು ಎಷ್ಟು ಅಂತ ಕೇಳಿಯೇ ಸಂಖ್ಯೆ ಬರೆದುಕೊಳ್ಳುತ್ತೇವೆ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲಿಗೆ ಬರುತ್ತೇವೆ

ಸಾಗರ ಪೇಟೆ ಮತ್ತು ತಾಲ್ಲೂಕಿನ ಹಳ್ಳಿಗಳಿಗೆ ಸಾಗಾಟದ ಖರ್ಚು ಇಲ್ಲ. ಹೊಸನಗರ, ಸೊರಬ, ಸಿದ್ದಾಪುರಕ್ಕೆ ಒಂದು ಲಾರಿ, ಒಂದು ವ್ಯಾನಿನ ಬಾಡಿಗೆ ಸೇರಿ 4,500 ರೂ. ಶಿಕಾರಿಪುರ, ಶಿರಸಿ, ಶಿವಮೊಗ್ಗಕ್ಕೆ 8,000 ರೂ. ಶಿವಮೊಗ್ಗದ ಛತ್ರಗಳಲ್ಲಿ ಅಡುಗೆಮನೆ ಹಿಂದಿನ ಸಂಜೆಯೇ ಸಿಗುತ್ತದೋ ಇಲ್ಲವೋ ಮೊದಲು ವಿಚಾರಿಸಿ. ಕೆಲವು ಕಡೆ ಹಿಂದಿನ ಮದುವೆಯವರು ರಾತ್ರಿ ಹನ್ನೊಂದರ ತನಕ ಬಿಟ್ಟುಕೊಡುವುದಿಲ್ಲ. ಹಾಗಿದ್ದರೆ ಹೂರಣವನ್ನು ಸಾಗರದಲ್ಲೇ ರುಬ್ಬಿ ತರುತ್ತೇವೆ.

ತುಮರಿ, ಸಿಗಂದೂರು ಕಡೆಯವರಿಗೆ ಒಂದು ಮಾತು. ಮೊದಲು ಆ ಭಾಗದ ಮದುವೆ ಒಪ್ಪಿಕೊಳ್ಳಲು ಹೆದರುತ್ತಿದ್ದೆವು. ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕಿತ್ತು, ಬೇಸಿಗೆಯಲ್ಲಿ ನೀರು ಇಳಿದರೆ ಅದರದ್ದೂ ಚಿಂತೆ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾರಿ ನೇರ ಹೋಗುತ್ತದೆ. ಈಗ ಅಲ್ಲಿಗೂ ಸಾಗರ ತಾಲ್ಲೂಕಿನ ಲೆಕ್ಕವೇ, ಬೇರೆ ಸಾಗಾಟ ಹಾಕುವುದಿಲ್ಲ.

ಘಟ್ಟದ ಕೆಳಗೆ ಬರುವುದಿಲ್ಲ. ಹೊನ್ನಾವರ, ಭಟ್ಕಳ, ಕುಂದಾಪುರದ ನೆಂಟರು ಆಗಾಗ ಕೇಳುತ್ತಾರೆ. ರಾತ್ರಿ ಪಾತ್ರೆ ತುಂಬಿದ ಲಾರಿ ಘಟ್ಟ ಇಳಿಸುವುದು ನಮಗೆ ಧೈರ್ಯವಿಲ್ಲ, ಅಲ್ಲಿನ ಸೆಕೆಗೆ ತಂಬುಳಿ ಬೇಗ ಹುಳಿಯುತ್ತದೆ. ತೀರ್ಥಹಳ್ಳಿಗೆ ಕೇಳಿ ನೋಡಿ. ಆ ದಿನದ ಹಿಂದೆ ಮುಂದೆ ಬೇರೆ ಮದುವೆ ಇಲ್ಲದಿದ್ದರೆ ಬರುತ್ತೇವೆ.

ದರ ಮತ್ತು ಗೊತ್ತು ಮಾಡುವುದು

ಮೇಲೆ ಹೇಳಿದ ಮಧ್ಯಾಹ್ನದ ಊಟಕ್ಕೆ ಎಲೆಗೆ 270 ರೂ. ಎರಡನೇ ಸಿಹಿಗೆ ತೊಡೆದೇವು ಇಟ್ಟರೆ 305. ತಿಂಡಿ, ಕಾಫಿ, ಕಷಾಯ ಸೇರಿ 85. ಸಂಜೆಯ ಬಫೆ 240. ಇದರ ಮೇಲೆ ಜಿಎಸ್‌ಟಿ ನೂರಕ್ಕೆ 5. ದಿನಸಿ, ತರಕಾರಿ, ಗ್ಯಾಸ್, ಎಲೆ, ಬಡಿಸುವವರ ಕೂಲಿ ಎಲ್ಲ ಈ ದರದಲ್ಲೇ ಬಂತು. ನೀರು, ಕರೆಂಟು, ಟೇಬಲ್ಲು ಛತ್ರದ್ದು. ಎಲೆ ತೆಗೆದು ಒಂದು ಕಡೆ ಹಾಕುವ ತನಕ ನಮ್ಮ ಕೆಲಸ, ಅಲ್ಲಿಂದ ಸಾಗಿಸುವುದು ಛತ್ರದವರದ್ದು. ಮನೆ ಅಂಗಳದಲ್ಲಾದರೆ ಗೊಬ್ಬರದ ಗುಂಡಿ ತೋರಿಸಿ, ಅಲ್ಲಿಗೇ ಹಾಕಿಬಿಡುತ್ತೇವೆ.

ನಿಮ್ಮದೇ ಅಕ್ಕಿ, ತೆಂಗಿನಕಾಯಿ, ಬೆಲ್ಲ, ತುಪ್ಪ ಇದ್ದರೆ ತೂಕ ಹಾಕಿ ಆ ದಿನದ ಪೇಟೆ ದರದಲ್ಲಿ ಬಿಲ್ಲಿನಿಂದ ಕಳೆಯುತ್ತೇವೆ. 100 ಎಲೆಗೆ 12 ಕೆಜಿ ಅಕ್ಕಿ ಹಿಡಿಯಿರಿ. ನೀವು ಸಾಮಾನೆಲ್ಲ ಕೊಟ್ಟು ಬರೀ ಅಡುಗೆ, ಬಡಿಸುವ ಕೆಲಸಕ್ಕೆ ಕರೆದರೂ ಬರುತ್ತೇವೆ, ಆಗ ಎಲೆಗೆ 95 ರೂ.

ಗೊತ್ತು ಮಾಡುವಾಗ 10,000 ರೂ. ಮುಂಗಡ. ಮದುವೆಗೆ ವಾರ ಮೊದಲು ಅರ್ಧ, ಉಳಿದದ್ದು ಮದುವೆ ಮುಗಿದ ಮೇಲೆ ಎಲೆ ಲೆಕ್ಕ ನೋಡಿ. ಎಲೆ ಎಣಿಸುವಾಗ ನಿಮ್ಮ ಕಡೆಯವರು ಒಬ್ಬರು ನಮ್ಮವರ ಜೊತೆ ನಿಲ್ಲಲಿ. ಮದುವೆ ದಿನ ಮುಂದೆ ಹೋದರೆ ಮುಂಗಡ ಹಾಗೇ ಇರುತ್ತದೆ. ನಿಂತೇ ಹೋದರೆ, 30 ದಿನ ಮೊದಲು ತಿಳಿಸಿದವರಿಗೆ ಪೂರ್ತಿ ವಾಪಸ್.

ಏಪ್ರಿಲ್, ಮೇ ತಿಂಗಳ ಮುಹೂರ್ತಗಳು ನಾಲ್ಕು ತಿಂಗಳ ಮೊದಲೇ ತುಂಬುತ್ತವೆ. ಆಷಾಢದಲ್ಲಿ ಮದುವೆ ಇಲ್ಲ, ನಮಗೂ ರಜೆ. ರುಚಿ ನೋಡಬೇಕು ಅನ್ನುವವರಿಗೆ ಬೇರೆ ಅಡುಗೆ ಮಾಡುವುದಿಲ್ಲ. ನಮ್ಮ ಮುಂದಿನ ಯಾವುದಾದರೂ ಮದುವೆಯ ಕೊನೆ ಪಂಕ್ತಿಗೆ, ಆ ಮನೆಯವರನ್ನು ಕೇಳಿ, ಇಬ್ಬರನ್ನು ಕೂರಿಸುತ್ತೇವೆ. ಕೊನೆ ಪಂಕ್ತಿಯ ಸಾರು ಹೇಗಿದೆ ಅಂತ ನೋಡಿದರೆ ಸಾಕು.

ನಮ್ಮ ಅಡುಗೆಮನೆ ಸಾಗರದ ಜೋಗ ರಸ್ತೆಯಲ್ಲಿದೆ. ಮಂಗಳವಾರದಿಂದ ಶುಕ್ರವಾರದ ತನಕ ಬೆಳಿಗ್ಗೆ 10ರಿಂದ 1ರ ಒಳಗೆ ಬನ್ನಿ. ಬರುವಾಗ ಮುಹೂರ್ತದ ದಿನ, ಛತ್ರದ ಹೆಸರು, ಊಟದ ಹಾಲ್‌ನಲ್ಲಿ ಎಷ್ಟು ಜನ ಕೂರಬಹುದು, ಈ ಮೂರು ತಿಳಿದುಕೊಂಡು ಬಂದರೆ ಅವತ್ತೇ ಒಂದು ಉತ್ತರ ಹೇಳಿ ಕಳಿಸುತ್ತೇವೆ.