ಪ್ರಸ್ತಾವನೆಯ ಭಾಗ 5: ವೇಬ್ರಿಡ್ಜ್ ನಿರ್ವಹಣೆಯ ಸೇವಾ ಷರತ್ತುಗಳು, ಸ್ಪಂದನ ಸಮಯ ಮತ್ತು ದಂಡ ಕಡಿತ

5.1 ವ್ಯಾಪ್ತಿ

ಗಂಗಾವತಿ, ಕಾರಟಗಿ, ಸಿಂಧನೂರು ಮತ್ತು ರಾಯಚೂರಿನಲ್ಲಿರುವ ತಮ್ಮ ಅಕ್ಕಿ ಗಿರಣಿಗಳ ನಾಲ್ಕು 60 ಟನ್ ವೇಬ್ರಿಡ್ಜ್‌ಗಳಿಗೆ ಈ ಷರತ್ತುಗಳು 2026ರ ಅಕ್ಟೋಬರ್ 1ರಿಂದ ಒಂದು ವರ್ಷ ಅನ್ವಯಿಸುತ್ತವೆ. ತಿಂಗಳ ನಿರ್ವಹಣಾ ಶುಲ್ಕ ಪ್ರತಿ ವೇಬ್ರಿಡ್ಜ್‌ಗೆ ₹6,500, ಒಟ್ಟು ₹26,000, ಜಿಎಸ್‌ಟಿ ಪ್ರತ್ಯೇಕ. ಮುಂದೆ ಹೇಳುವ ಕಡಿತಗಳನ್ನೆಲ್ಲ ಆಯಾ ವೇಬ್ರಿಡ್ಜ್‌ನ ₹6,500ರ ಮೇಲೆಯೇ ಲೆಕ್ಕ ಹಾಕಲಾಗುತ್ತದೆ.

5.2 ಸುಗ್ಗಿ ಮತ್ತು ಉಳಿದ ಕಾಲ

ನವೆಂಬರ್ 1ರಿಂದ ಜನವರಿ 15ರವರೆಗೆ, ಹಾಗೂ ಏಪ್ರಿಲ್ 10ರಿಂದ ಮೇ 31ರವರೆಗೆ ಸುಗ್ಗಿ ಕಾಲವೆಂದು ಪರಿಗಣಿಸಿ, ದಿನದ 24 ಗಂಟೆಯೂ ಸೇವೆ ಒದಗಿಸುತ್ತೇವೆ. ತುಂಗಭದ್ರಾ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷದಲ್ಲಿ ಎರಡನೇ ಅವಧಿಯನ್ನು ಸುಗ್ಗಿಯೆಂದು ಎಣಿಸುವುದಿಲ್ಲ. ಭತ್ತವೇ ಬಾರದ ತಿಂಗಳುಗಳಿಗೆ ರಾತ್ರಿ ಪಾಳಿಯ ವೆಚ್ಚವನ್ನು ತಮ್ಮ ಮೇಲೆ ಹೇರುವುದು ಸರಿಯಲ್ಲ. ಉಳಿದ ಕಾಲದಲ್ಲಿ ಸೇವಾ ಸಮಯ ಬೆಳಿಗ್ಗೆ 8ರಿಂದ ರಾತ್ರಿ 8. ಸುಗ್ಗಿಯಲ್ಲಿ ಗಂಗಾವತಿಯಲ್ಲಿ ಇಬ್ಬರು, ಸಿಂಧನೂರಿನಲ್ಲಿ ಒಬ್ಬರು ತಂತ್ರಜ್ಞರು ಉಳಿದಿರುತ್ತಾರೆ.

5.3 ದೂರಿನ ದರ್ಜೆ

ವೇಬ್ರಿಡ್ಜ್ ನಿಂತುಹೋಗುವುದು ಮತ್ತು ತೂಕ ತಪ್ಪು ತೋರಿಸುವುದು, ಎರಡೂ ಮೊದಲ ದರ್ಜೆಯ ದೂರುಗಳು. ನಮ್ಮ ಅನುಭವದಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ನಿಂತ ವೇಬ್ರಿಡ್ಜ್ ಎಲ್ಲರ ಕಣ್ಣಿಗೂ ಬೀಳುತ್ತದೆ, ತಪ್ಪು ತೂಗುವುದು ರೈತರೊಂದಿಗೆ ಜಗಳವಾದಾಗಲೇ ಗೊತ್ತಾಗುತ್ತದೆ. ಒಂದೇ ಲಾರಿಯನ್ನು ಇಳಿಸಿ ಮತ್ತೆ ಹತ್ತಿಸಿದಾಗ ತೂಕದಲ್ಲಿ 40 ಕಿಲೋಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಥವಾ ಲಾರಿ ಇಳಿದ ಮೇಲೆ ಇಂಡಿಕೇಟರ್ ಸೊನ್ನೆಗೆ ಮರಳದಿದ್ದರೆ, ಅದು ಮೊದಲ ದರ್ಜೆಯೇ. ಈ ಬಗ್ಗೆ ತಮ್ಮ ಕಾಟಾ ಗುಮಾಸ್ತರ ಮಾತೇ ಅಂತಿಮ. ತೂಕ ಸರಿಯಿದ್ದು ಪ್ರಿಂಟರ್, ಕಂಪ್ಯೂಟರ್ ಅಥವಾ ಬಿಲ್ಲಿಂಗ್ ಕೆಟ್ಟಿದ್ದರೆ ಎರಡನೇ ದರ್ಜೆ. ಉಳಿದವೆಲ್ಲ ಮೂರನೇ ದರ್ಜೆ.

5.4 ಸ್ಪಂದನ ಸಮಯ ಮತ್ತು ದುರಸ್ತಿ ಸಮಯ

ಕಾಟಾ ಕೋಣೆಯಿಂದ ನಮ್ಮ ಸೇವಾ ಸಂಖ್ಯೆಗೆ ಕರೆ ಅಥವಾ ವಾಟ್ಸಾಪ್ ಸಂದೇಶ ಬಂದ ಕ್ಷಣದಿಂದ ಸಮಯ ಎಣಿಕೆ ಶುರುವಾಗುತ್ತದೆ. ನಾವು ದೂರಿನ ಸಂಖ್ಯೆ ಕೊಡುವವರೆಗೆ ಕಾಯುವುದಿಲ್ಲ. ಫೋನ್ ಎತ್ತಿ «ಬರ್ತೀವಿ ಸರ್» ಎಂದದ್ದನ್ನು ಸ್ಪಂದನೆಯೆಂದು ಎಣಿಸುವುದಿಲ್ಲ. ತಂತ್ರಜ್ಞರು ಗಿರಣಿಯ ಗೇಟ್ ರಿಜಿಸ್ಟರಿನಲ್ಲಿ ಸಹಿ ಹಾಕಿದ ಸಮಯವೇ ಸ್ಪಂದನೆಯ ಸಮಯ.

ಸುಗ್ಗಿಯಲ್ಲಿ ಮೊದಲ ದರ್ಜೆಯ ದೂರಿಗೆ ಗಂಗಾವತಿ, ಕಾರಟಗಿ ಮತ್ತು ಸಿಂಧನೂರಿನಲ್ಲಿ 2 ಗಂಟೆಯೊಳಗೆ, ಸಿಂಧನೂರಿನಿಂದ ತಂತ್ರಜ್ಞರು ಹೋಗಬೇಕಾದ ರಾಯಚೂರಿನಲ್ಲಿ 3 ಗಂಟೆಯೊಳಗೆ ತಲುಪುತ್ತೇವೆ, ಮತ್ತು ಕರೆ ಬಂದ 6 ಗಂಟೆಯೊಳಗೆ ದುರಸ್ತಿ ಮುಗಿಸುತ್ತೇವೆ. ಇತರ ಕಾಲದಲ್ಲಿ ಇವು ಕ್ರಮವಾಗಿ 4, 5 ಮತ್ತು 12 ಸೇವಾ ಗಂಟೆಗಳು. ಎರಡನೇ ದರ್ಜೆಗೆ ಮರುದಿನ ಮಧ್ಯಾಹ್ನದೊಳಗೆ, ಮೂರನೇ ದರ್ಜೆಗೆ 3 ಕೆಲಸದ ದಿನಗಳೊಳಗೆ ಪರಿಹಾರ ಒದಗಿಸುತ್ತೇವೆ.

ತಮ್ಮ ವಿಚಾರಣಾ ಪತ್ರದಲ್ಲಿ ತಿಂಗಳಿಗೆ ಶೇ. 99ರಷ್ಟು ಚಾಲನಾ ಲಭ್ಯತೆಯನ್ನು ಕೇಳಿದ್ದೀರಿ. 30 ದಿನಗಳ 720 ಗಂಟೆಗಳಲ್ಲಿ ಇದು 7 ಗಂಟೆ 12 ನಿಮಿಷಗಳ ಸ್ಥಗಿತಕ್ಕೆ ಅವಕಾಶ ಕೊಡುತ್ತದೆ. ನವೆಂಬರಿನ ಒಂದೇ ರಾತ್ರಿ ಏಳು ಗಂಟೆ ವೇಬ್ರಿಡ್ಜ್ ನಿಂತು ಲಾರಿಗಳ ಸಾಲು ಮುಖ್ಯರಸ್ತೆಗೆ ಬಂದರೂ ಕಾಗದದ ಮೇಲೆ ನಾವು ಮಾತು ಉಳಿಸಿಕೊಂಡವರೇ ಆಗುತ್ತೇವೆ. ಆದ್ದರಿಂದ ಪ್ರತಿಯೊಂದು ದೂರಿಗೂ ಮೇಲಿನ ಗಡುವನ್ನು ಒಪ್ಪಿಕೊಂಡು, ಅದರ ಜೊತೆಗೆ ಸುಗ್ಗಿಯ ತಿಂಗಳುಗಳಿಗೆ ಶೇ. 99ರ ಷರತ್ತನ್ನೂ ಉಳಿಸಿಕೊಂಡಿದ್ದೇವೆ.

5.5 ಮುದ್ರೆ ಒಡೆಯಬೇಕಾದ ದುರಸ್ತಿ

ಲೋಡ್ ಸೆಲ್, ಜಂಕ್ಷನ್ ಬಾಕ್ಸ್ ಅಥವಾ ಇಂಡಿಕೇಟರ್ ಬದಲಿಸಲು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಒಡೆಯಬೇಕಾಗಿ ಬಂದರೆ, ಮತ್ತೆ ಪರಿಶೀಲನೆಯಾಗಿ ಮುದ್ರೆ ಬೀಳುವವರೆಗೆ ಆ ವೇಬ್ರಿಡ್ಜ್‌ನಲ್ಲಿ ವ್ಯವಹಾರದ ತೂಕ ಹಾಕುವಂತಿಲ್ಲ. ಯಂತ್ರ ಸರಿಯಾಯಿತೆಂದು ನಾವು ಸಹಿ ಮಾಡಿದ ಮಾತ್ರಕ್ಕೆ ತಮ್ಮ ಕೆಲಸ ನಡೆಯುವುದಿಲ್ಲ ಎಂಬುದನ್ನು ಮರೆಮಾಚಿ ಈ ಪ್ರಸ್ತಾವನೆ ಬರೆಯಲು ನಮಗೆ ಮನಸ್ಸಿಲ್ಲ. ಇಂಥ ದುರಸ್ತಿಯಲ್ಲಿ ಮರುಪರಿಶೀಲನೆಯ ಅರ್ಜಿಯನ್ನು ಒಂದು ಕೆಲಸದ ದಿನದೊಳಗೆ ನಾವೇ ಸಲ್ಲಿಸುತ್ತೇವೆ. ಪರೀಕ್ಷಾ ತೂಕದ ಕಲ್ಲುಗಳನ್ನು ಸ್ಥಳಕ್ಕೆ ತರುವ ವೆಚ್ಚವೂ ನಮ್ಮದೇ. ಅರ್ಜಿ ಸಲ್ಲಿಸಿದ ಕ್ಷಣದಿಂದ ಅಧಿಕಾರಿ ಬರುವವರೆಗಿನ ಸಮಯ ದಂಡದ ಎಣಿಕೆಗೆ ಸೇರುವುದಿಲ್ಲ. ಆದರೆ ಕೆಟ್ಟ ಭಾಗ ನಮ್ಮ ನಿರ್ವಹಣೆಯಲ್ಲಿರುವುದಾದರೆ, ಆ ಅವಧಿಯಲ್ಲಿ ಹತ್ತಿರದ ಮುದ್ರೆಯಿರುವ ಸಾರ್ವಜನಿಕ ಕಾಟಾದಲ್ಲಿ ತೂಗಿಸಿದ ಶುಲ್ಕವನ್ನು, ದಿನಕ್ಕೆ ₹2,000 ಮೀರದಂತೆ, ರಸೀದಿಯ ಮೇಲೆ ನಾವೇ ಭರಿಸುತ್ತೇವೆ. ಈ ತೊಂದರೆ ಸುಗ್ಗಿಯಲ್ಲಿ ಬಾರದಿರಲೆಂದು ನಾಲ್ಕೂ ವೇಬ್ರಿಡ್ಜ್‌ಗಳ ಪೂರ್ಣ ತಪಾಸಣೆ ಮತ್ತು ವಾರ್ಷಿಕ ಮುದ್ರೆಯ ಅರ್ಜಿಯನ್ನು ಅಕ್ಟೋಬರ್ 20ರೊಳಗೆ ಮುಗಿಸುತ್ತೇವೆ.

5.6 ದಂಡ ಕಡಿತ

ಮೊದಲ ದರ್ಜೆಯ ದೂರಿನಲ್ಲಿ ಸ್ಪಂದನೆ ತಡವಾದ ಪ್ರತಿ ಗಂಟೆಗೆ ಶೇ. 3, ದುರಸ್ತಿ ತಡವಾದ ಪ್ರತಿ ಗಂಟೆಗೆ ಶೇ. 5ರಷ್ಟು ಕಡಿತವಾಗುತ್ತದೆ, ಗಂಟೆಯ ಭಾಗವನ್ನು ಪೂರ್ಣ ಗಂಟೆಯಾಗಿ ಎಣಿಸಲಾಗುವುದು. ಸುಗ್ಗಿಯ ತಿಂಗಳಲ್ಲಿ ಒಟ್ಟು ಸ್ಥಗಿತ 7 ಗಂಟೆ 12 ನಿಮಿಷ ಮೀರಿದರೆ ಇನ್ನೂ ಶೇ. 10 ಸೇರುತ್ತದೆ. ಎರಡನೇ ದರ್ಜೆಗೆ ತಡವಾದ ಪ್ರತಿ ದಿನಕ್ಕೆ ಶೇ. 2.

ಒಂದು ಉದಾಹರಣೆ: ನವೆಂಬರ್ 18ರ ಸಂಜೆ 4:10ಕ್ಕೆ ಕಾರಟಗಿಯಿಂದ ಕರೆ ಬಂದು, ತಂತ್ರಜ್ಞರು 6:10ರ ಬದಲು 7:25ಕ್ಕೆ ಗೇಟಿನಲ್ಲಿ ಸಹಿ ಹಾಕಿ, ರಾತ್ರಿ 10:10ರೊಳಗೆ ಮುಗಿಯಬೇಕಿದ್ದ ಕೆಲಸ 11:40ಕ್ಕೆ ಮುಗಿಯಿತೆನ್ನೋಣ. ಸ್ಪಂದನೆಯ ತಡ 2 ಗಂಟೆಗೆ ₹390, ದುರಸ್ತಿಯ ತಡ 2 ಗಂಟೆಗೆ ₹650, ಸ್ಥಗಿತ 7 ಗಂಟೆ 30 ನಿಮಿಷಕ್ಕೆ ಮುಟ್ಟಿ ಮಿತಿ ಮೀರಿದ್ದಕ್ಕೆ ಶೇ. 10ರಂತೆ ಇನ್ನೂ ₹650, ಒಟ್ಟು ₹1,690 ಕಡಿತ. ಈ ಮೊತ್ತಕ್ಕೆ ತಾವು ಪತ್ರ ಬರೆಯಬೇಕಿಲ್ಲ; ಆ ತಿಂಗಳ ಬಿಲ್ಲಿನಲ್ಲಿ ನಾವೇ ಕಳೆದು ತೋರಿಸುತ್ತೇವೆ.

ಒಂದು ವೇಬ್ರಿಡ್ಜ್‌ಗೆ ತಿಂಗಳ ಕಡಿತ ಶೇ. 40ನ್ನು, ಅಂದರೆ ₹2,600ನ್ನು ಮೀರುವುದಿಲ್ಲ. ಸತತ ಎರಡು ಸುಗ್ಗಿ ತಿಂಗಳು, ಅಥವಾ ವರ್ಷದಲ್ಲಿ ಯಾವುದೇ ಮೂರು ತಿಂಗಳು ಈ ಮಿತಿ ಮುಟ್ಟಿದರೆ, 15 ದಿನಗಳ ನೋಟಿಸಿನೊಂದಿಗೆ ತಾವು ಒಪ್ಪಂದವನ್ನು ಕೊನೆಗೊಳಿಸಬಹುದು. ಈ ಕಡಿತಗಳನ್ನು 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಅರ್ಥದಲ್ಲಿ ಮುಂಚಿತವಾಗಿ ನಿಗದಿಪಡಿಸಿದ ಪರಿಹಾರವೆಂದು ಉಭಯತರೂ ಒಪ್ಪುತ್ತಾರೆ.

5.7 ದಂಡ ಅನ್ವಯಿಸದ ಸಂದರ್ಭಗಳು

60 ಟನ್ ಮೀರಿದ ಲಾರಿ ಹತ್ತಿಸಿದ್ದು, ಗುಂಡಿಗೆ ನೆರೆ ನೀರು ನುಗ್ಗಿದ್ದು, ವಿದ್ಯುತ್ ಕಡಿತ, ತಮ್ಮ ಸಿಬ್ಬಂದಿಯೇ ಜಂಕ್ಷನ್ ಬಾಕ್ಸ್ ತೆರೆದದ್ದು, ಇವುಗಳಿಂದ ಬಂದ ದೋಷಕ್ಕೆ ಕಡಿತವಿಲ್ಲ. ದುರಸ್ತಿಗೆ ಮಾತ್ರ ಅದೇ ಗಡುವಿನಲ್ಲಿ ಬರುತ್ತೇವೆ. ಇಲಿ ಕಡಿದ ಕೇಬಲ್ಲನ್ನು ಈ ಪಟ್ಟಿಗೆ ಸೇರಿಸುವುದು ನಮ್ಮ ವ್ಯಾಪಾರದಲ್ಲಿ ರೂಢಿ. ನಾವು ಸೇರಿಸಿಲ್ಲ: ಭತ್ತದ ಗಿರಣಿಯಲ್ಲಿ ಇಲಿ ಇದ್ದೇ ಇರುತ್ತದೆ, ಕೇಬಲ್ಲನ್ನು ಕಬ್ಬಿಣದ ಪೈಪಿನಲ್ಲಿ ಭದ್ರವಾಗಿಡುವುದು ನಿರ್ವಹಣೆಯ ಕೆಲಸವೇ. ಸಿಡಿಲಿನ ಹಾನಿಗೆ ವಿನಾಯಿತಿ ಇದೆ, ಆದರೆ ನಾವು ಮೂರು ತಿಂಗಳಿಗೊಮ್ಮೆ ಅಳೆದು ಬರೆಯಬೇಕಾದ ಅರ್ಥಿಂಗ್ ಮಾಪನ ರಿಜಿಸ್ಟರಿನಲ್ಲಿ ಇಲ್ಲದಿದ್ದರೆ ಆ ವಿನಾಯಿತಿ ನಮಗೆ ಸಿಗುವುದಿಲ್ಲ. ಪ್ಲಾಟ್‌ಫಾರ್ಮಿನ ಸಂದಿಯಲ್ಲಿ ತುಂಬುವ ಹೊಟ್ಟು, ಮಣ್ಣನ್ನು ವಾರಕ್ಕೊಮ್ಮೆ ತಮ್ಮ ಕಡೆಯವರು ಗುಡಿಸಬೇಕು. ಗುಂಡಿಯೊಳಗಿನ ಶುಚಿ ನಮ್ಮದು.

5.8 ಲೆಕ್ಕ ಮತ್ತು ತಕರಾರು

ಪ್ರತಿ ತಿಂಗಳ 5ರೊಳಗೆ ಹಿಂದಿನ ತಿಂಗಳ ದೂರುಗಳ ಪಟ್ಟಿಯನ್ನು ಕರೆಯ ಸಮಯ, ಗೇಟ್ ಸಹಿ ಮತ್ತು ದುರಸ್ತಿ ಸಮಯದೊಂದಿಗೆ ಕಳುಹಿಸುತ್ತೇವೆ. ತಕರಾರಿದ್ದರೆ 7 ದಿನಗಳೊಳಗೆ ತಿಳಿಸಬೇಕು. ನಮ್ಮ ದಾಖಲೆಗೂ ಗೇಟ್ ರಿಜಿಸ್ಟರಿಗೂ ವ್ಯತ್ಯಾಸ ಕಂಡರೆ ರಿಜಿಸ್ಟರೇ ಪ್ರಮಾಣ. ಬಿಲ್ಲಿನ ಪಾವತಿ 30 ದಿನ ಮೀರಿದರೆ ತಿಂಗಳಿಗೆ ಶೇ. 1ರ ಬಡ್ಡಿ ಸೇರುತ್ತದೆ, ಆದರೆ ಪಾವತಿ ಬಾಕಿಯಿದೆ ಎಂಬ ಕಾರಣಕ್ಕೆ ಸುಗ್ಗಿಯಲ್ಲಿ ಸೇವೆ ನಿಲ್ಲಿಸುವುದಿಲ್ಲ. ಮಾತುಕತೆಯಲ್ಲಿ ಬಗೆಹರಿಯದ ವ್ಯಾಜ್ಯಗಳು ಕೊಪ್ಪಳ ಜಿಲ್ಲೆಯ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿರುತ್ತವೆ.