ಶಬ್ದ: ದಾಟಿಹೋಗುವ ಸೈರನ್ನಿನ ಸ್ಥಾಯಿ ಕುರಿತ ಪ್ರಶ್ನೆ ಮತ್ತು ಮಾದರಿ ಉತ್ತರ

ಪ್ರಶ್ನೆ: ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ, ಉಣಕಲ್ ಕೆರೆಯ ಸಮೀಪದ ಬಸ್ ನಿಲ್ದಾಣದಲ್ಲಿ ಇಬ್ಬರು ವಿದ್ಯಾರ್ಥಿನಿಯರು ನಿಂತಿದ್ದಾರೆ. ಧಾರವಾಡದ ಕಡೆಯಿಂದ ಒಂದು ಆಂಬ್ಯುಲೆನ್ಸ್ ಗಂಟೆಗೆ 72 ಕಿ.ಮೀ. ವೇಗದಲ್ಲಿ ಬಂದು, ಅವರನ್ನು ದಾಟಿ, ಅದೇ ವೇಗದಲ್ಲಿ ಹುಬ್ಬಳ್ಳಿಯತ್ತ ಸಾಗುತ್ತದೆ. ಅದರ ಸೈರನ್ 800 ಹರ್ಟ್ಸ್ ಆವೃತ್ತಿಯ ಒಂದೇ ಸ್ವರವನ್ನು ಹೊರಡಿಸುತ್ತಿದೆ. ಗಾಳಿ ಬೀಸುತ್ತಿಲ್ಲ, ಶಬ್ದದ ವೇಗ ಸೆಕೆಂಡಿಗೆ 340 ಮೀ. ಒಬ್ಬಳು, "ಗಾಡಿ ಹತ್ತಿರ ಬಂದಂತೆಲ್ಲ ಸ್ಥಾಯಿ ಏರುತ್ತಲೇ ಹೋಯಿತು" ಎನ್ನುತ್ತಾಳೆ. ಹಿಂದೂಸ್ತಾನಿ ಗಾಯನ ಕಲಿಯುತ್ತಿರುವ ಇನ್ನೊಬ್ಬಳು, "ಏರಲಿಲ್ಲ, ದಾಟುವಾಗ ರಿಷಭದಿಂದ ಷಡ್ಜಕ್ಕೆ ಇಳಿಯಿತು" ಎನ್ನುತ್ತಾಳೆ. ಯಾರ ಮಾತು ಸರಿ? ಲೆಕ್ಕದ ಮೂಲಕ ವಿವರಿಸಿ.

ಉತ್ತರ: ಸೂತ್ರಕ್ಕೆ ಕೈಹಾಕುವ ಮೊದಲು ಅಲೆಗಳನ್ನೇ ಅಳೆದು ನೋಡುವುದು ಒಳ್ಳೆಯದು. ಆಂಬ್ಯುಲೆನ್ಸ್ ನಿಂತಿದ್ದರೆ ತರಂಗದೂರ 340 ÷ 800, ಅಂದರೆ 42.5 ಸೆಂ.ಮೀ. ಆದರೆ ಅದು ಸೆಕೆಂಡಿಗೆ 20 ಮೀ. ಓಡುತ್ತಿರುವುದರಿಂದ, ಒಂದು ಅಲೆ ಹೊರಟು ಮುಂದಿನದು ಹೊರಡುವಷ್ಟರಲ್ಲಿ, ಅಂದರೆ ಸೆಕೆಂಡಿನ 800ನೇ ಒಂದು ಭಾಗದಲ್ಲಿ, ಸೈರನ್ನೇ 2.5 ಸೆಂ.ಮೀ. ಮುಂದೆ ಬಂದಿರುತ್ತದೆ. ಹೀಗಾಗಿ ಗಾಡಿಯ ಮುಂದಿನ ಅಲೆಗಳು ಒತ್ತಿಕೊಂಡು ತರಂಗದೂರ 40 ಸೆಂ.ಮೀ. ಆಗುತ್ತದೆ, ಹಿಂದಿನವು ಹಿಗ್ಗಿ 45 ಸೆಂ.ಮೀ. ಆಗುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಮಾತ್ರ ಎರಡೂ ಕಡೆ ಒಂದೇ.

ಬರುವಾಗ ಕೇಳುವ ಆವೃತ್ತಿ: 340 ÷ 0.40 = 850 ಹರ್ಟ್ಸ್.
ಹೋಗುವಾಗ ಕೇಳುವ ಆವೃತ್ತಿ: 340 ÷ 0.45 = 755.6 ಹರ್ಟ್ಸ್.

ಇದು ಡಾಪ್ಲರ್ ಪರಿಣಾಮ. ಚಾಲಕನು ಸೈರನ್ನಿನ ಜೊತೆಯಲ್ಲೇ ಸಾಗುವುದರಿಂದ ಅವನಿಗೆ ಉದ್ದಕ್ಕೂ 800 ಹರ್ಟ್ಸ್ ಮಾತ್ರ ಕೇಳುತ್ತದೆ.

ಮೊದಲನೆಯವಳ ತಪ್ಪು ಬಹಳ ಮಂದಿ ಮಾಡುವ ತಪ್ಪು. ಗಾಡಿ ಹತ್ತಿರವಾದಂತೆ ಏರುವುದು ಶಬ್ದದ ಗಟ್ಟಿತನ; ಕಿವಿ ಅದನ್ನೇ ಸ್ಥಾಯಿಯ ಏರಿಕೆಯೆಂದು ಭ್ರಮಿಸುತ್ತದೆ. ಸ್ಥಾಯಿಯನ್ನು ನಿರ್ಧರಿಸುವುದು ಕೇಳುಗರತ್ತ ಬರುವ ವೇಗವೇ ಹೊರತು ದೂರವಲ್ಲ. ಗಾಡಿ ದೂರದಲ್ಲಿರುವಾಗಲೇ ಸ್ವರ ಹೆಚ್ಚುಕಡಿಮೆ 850 ಹರ್ಟ್ಸ್ ಇರುತ್ತದೆ. ಅವರು ರಸ್ತೆಯ ಬದಿಗೆ ನಿಂತಿರುವ ಕಾರಣ, ಗಾಡಿ ಸಮೀಪಿಸಿದಂತೆ ಅವರತ್ತ ಬರುವ ವೇಗದ ಅಂಶ ಕುಗ್ಗಿ ಸ್ವರ ಜಾರತೊಡಗುತ್ತದೆ. ಅತಿ ಸಮೀಪದ ಬಿಂದುವಿನಿಂದ ಹೊರಟ ಶಬ್ದ ಸರಿಯಾಗಿ 800 ಹರ್ಟ್ಸ್ ಆಗಿ ಕೇಳಿ, ಆಮೇಲೆ 755.6ರ ಕಡೆಗೆ ಇಳಿಯುತ್ತದೆ. ಏರಿಕೆ ಎಲ್ಲಿಯೂ ಇಲ್ಲ.

ಎರಡನೆಯವಳ ಕಿವಿ ಎಷ್ಟು ನಿಖರವೆಂಬುದನ್ನು ಎರಡು ಆವೃತ್ತಿಗಳ ಅನುಪಾತ ತೋರಿಸುತ್ತದೆ: 0.45 ÷ 0.40, ಅಂದರೆ 9:8. ಷಡ್ಜಕ್ಕೂ ಶುದ್ಧ ರಿಷಭಕ್ಕೂ ಇರುವ ಅನುಪಾತ ಇದೇ. ಡಾಪ್ಲರ್ 1842ರಲ್ಲಿ ಮಂಡಿಸಿದ ಈ ವಿಚಾರವನ್ನು 1845ರಲ್ಲಿ ಬೈಸ್ ಬ್ಯಾಲಟ್ ನೆದರ್ಲೆಂಡ್ಸ್‌ನಲ್ಲಿ ಪರೀಕ್ಷಿಸಿದಾಗಲೂ ಓಡುವ ರೈಲಿನಲ್ಲಿ ತುತ್ತೂರಿ ಊದಿಸಿ, ಸ್ವರಭೇದವನ್ನು ಗುರುತಿಸಲು ಸಂಗೀತಗಾರರ ಕಿವಿಯನ್ನೇ ನಂಬಿದ್ದನು. ಸೈರನ್ 800ರ ಬದಲು 1000 ಹರ್ಟ್ಸ್ ಇದ್ದರೂ, ವೇಗ ಇಷ್ಟೇ ಇರುವವರೆಗೆ ಅವಳಿಗೆ ಕೇಳುವುದು ರಿಷಭ–ಷಡ್ಜದ ಇದೇ ಇಳಿತ.